ಅಳಿಸಿದ ಮೂರು ಗೆರೆ

ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು. ಆದರೆ ಕಟ್ಟಡದ ಕೆಲಸಕ್ಕೆ ಬಂದ ಮೇಲೆ ಆ ಹೆಸರು ಎಲ್ಲೋ ಸಿಮೆಂಟು ಚೀಲದಡಿ ಸಿಕ್ಕಿಕೊಂಡು ಮಾಯವಾಯಿತು. ಎಲ್ಲರ ಬಾಯಲ್ಲೂ ಅವಳು ನೀರಕ್ಕ. ಯಾಕೆಂದರೆ ಇಪ್ಪತ್ತಾರು ವರ್ಷ ಅವಳು ಮಾಡಿದ ಮುಖ್ಯ ಕೆಲಸ ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಹಿಡಿದು ನಿಲ್ಲುವುದು. ಇನ್ನೊಂದು ತುದಿ ಅವಳ ಗಂಡನದು. ಅವನು ಮೇಸ್ತ್ರಿ.

ಇದೇನು ಮಹಾ ಕೆಲಸ, ಪೈಪು ಹಿಡಿಯೋಕೆ ಒಂದು ಗೂಟ ಸಾಕಲ್ಲ ಎನ್ನುವವರು ಇದ್ದರು. ಅಂಥವರನ್ನು ಒಂದು ದಿನ ಆ ತುದಿಗೆ ನಿಲ್ಲಿಸಬೇಕಿತ್ತು. ಮೊದಲು ನೀರು ತುಂಬಿಸುವುದೇ ಒಂದು ಗೋಳು. ಪೈಪಿನೊಳಗೆ ಸಾಸಿವೆಯಷ್ಟು ಗಾಳಿಗುಳ್ಳೆ ಉಳಿದರೂ ಮಟ್ಟ ಸುಳ್ಳು ಹೇಳುತ್ತದೆ. ನೀರಕ್ಕ ನೂರಡಿ ಪೈಪನ್ನು ಗೇಣುಗೇಣಾಗಿ ಬೆಳಕಿಗೆ ಹಿಡಿದು, ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆಯನ್ನು ಬಾಯಿಯ ತನಕ ಅಟ್ಟಿಕೊಂಡು ಬರುತ್ತಿದ್ದಳು. ಕಾಣಿಸಲಿ ಅಂತ ನೀರಿಗೆ ಎರಡು ಹನಿ ನೀಲಿ ಶಾಯಿ. ಎಲ್ಲಿಯೂ ಮಡಿಕೆ ಬೀಳಬಾರದು, ಯಾರೂ ತುಳಿಯಬಾರದು. ಎರಡು ತುದಿಗೂ ಹೆಬ್ಬೆರಳು ಒತ್ತಿಕೊಂಡು ಗಂಡ ಹೆಂಡತಿ ತಮ್ಮ ತಮ್ಮ ಜಾಗಕ್ಕೆ ಹೋಗಿ, ಒಟ್ಟಿಗೆ ಬೆರಳು ತೆಗೆಯಬೇಕು. ನೀರು ಮೇಲೆ ಕೆಳಗೆ ತೂಗಾಡಿ, ಆಟ ಮುಗಿಸಿ, ಸುಮ್ಮನಾಗುವ ತನಕ ಉಸಿರು ಬಿಗಿಹಿಡಿದು ಕಾಯಬೇಕು.

ನೀರಕ್ಕನ ತುದಿ ಯಾವಾಗಲೂ ಮೂಲ ಗುರುತಿನ ಬಳಿ ಇರುತ್ತಿತ್ತು. ಕೆಲಸದ ಮೊದಲ ದಿನ ಅಲುಗಾಡದ ಒಂದು ಜಾಗ ನೋಡಿ ಒಂದು ಗೆರೆ ಕೊರೆಯುತ್ತಾರೆ. ಕಟ್ಟಡದ ಎತ್ತರವೆಲ್ಲ ಆ ಗೆರೆಯಿಂದ ಹುಟ್ಟಬೇಕು. ಅವಳು ಆ ಗೆರೆಗೆ ಪೈಪು ಒತ್ತಿ ನಿಂತು ಕೂಗುತ್ತಿದ್ದಳು, "ಏರಿಸಿ... ಇನ್ನೊಂಚೂರು... ಇಳಿಸಿ... ಸಾಕು!" ಅವಳು ಸಾಕು ಎಂದ ಕ್ಷಣ ಮೇಸ್ತ್ರಿ ಆ ತುದಿಯಲ್ಲಿ ನೀರು ನಿಂತಲ್ಲಿ ಕಂಬಕ್ಕೆ ಗೆರೆ ಎಳೆಯುತ್ತಿದ್ದ. ಅವಳ 'ಸಾಕು' ಎಂಬ ಒಂದು ಮಾತಿನ ಮೇಲೆ ಎಷ್ಟು ಮನೆಗಳ ನೆಲ, ಎಷ್ಟು ಬಾಗಿಲ ಚೌಕಟ್ಟು ನಿಂತಿದ್ದವೋ ಲೆಕ್ಕವಿಟ್ಟವರಿಲ್ಲ.

ಆ ವರ್ಷ ಅವರು ಹಿಡಿದಿದ್ದು ಮೂರಂತಸ್ತಿನ ಅಂಗಡಿ ಕಟ್ಟಡದ ಕೆಲಸ. ಬೀದಿಯ ಕಡೆಯ ಅರ್ಧದಲ್ಲಿ ಕಂಬಗಳು ಆಗಲೇ ಎದ್ದಿದ್ದವು. ಹಿಂದಿನ ಅರ್ಧದಲ್ಲಿ ವಾಹನ ನಿಲ್ಲಿಸಲು ನೆಲಮಾಳಿಗೆಗೆಂದು ಗುಂಡಿ ತೋಡುತ್ತಿದ್ದರು. ಗುಂಡಿಯ ಅಂಚಿಗೇ ಅಂಟಿಕೊಂಡಂತೆ ಒಂದು ಹಳೆಯ ಎರಡಂತಸ್ತಿನ ಕಟ್ಟಡ. ಅದರ ಮೂಲೆಯ ಅಡಿಪಾಯದ ಕಲ್ಲಿನ ಮೇಲೆಯೇ ಮೂಲ ಗುರುತು. ಮೊದಲ ದಿನ ಅಲ್ಲಿ ಗಟ್ಟಿಯಾಗಿ ಕಾಣಿಸಿದ್ದು ಅದೊಂದೇ. ನಲವತ್ತು ವರ್ಷದಿಂದ ಕದಲದ ಕಲ್ಲು ಇನ್ನೆಲ್ಲಿಗೆ ಹೋದೀತು ಅಂತ ಎಂಜಿನಿಯರೂ ಅಂದಿದ್ದ, ಮೇಸ್ತ್ರಿಯೂ ತಲೆಯಾಡಿಸಿದ್ದ.

ಆ ಹಳೆಯ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಒಂದು ಹೊಲಿಗೆ ಶಾಲೆ. ಶಾಲೆ ಎಂದು ಹೆಸರು, ಕೆಲಸವೆಲ್ಲ ಕಾರ್ಖಾನೆಯದು. ಇಪ್ಪತ್ತೆರಡು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಬಟ್ಟೆಯ ಥಾನುಗಳ ಗೋದಾಮು. ನೀರಕ್ಕನ ಒಬ್ಬಳೇ ಮಗಳು ಕೆಳಗಿನ ಶಾಲೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕಿದ್ದಳು. ಅವಳ ಮೇಜು ಗುಂಡಿಯ ಕಡೆಯ ಕಿಟಕಿಯ ಪಕ್ಕ. ತಾಯಿ ಹೊರಗೆ ಗುರುತಿಗೆ ಪೈಪು ಹಿಡಿದು ನಿಂತರೆ ಮಗಳು ಕಿಟಕಿಯಿಂದ ಕತ್ತರಿ ಆಡಿಸಿ, "ಅಮ್ಮಾ, ಸಾಕಾ?" ಎಂದು ಅಣಕಿಸುತ್ತಿದ್ದಳು.

ಮೇಸ್ತ್ರಿಗೆ ಒಂದು ಪದ್ಧತಿಯಿತ್ತು. ಪ್ರತಿ ಸೋಮವಾರ ಕೆಲಸ ಶುರುವಾಗುವ ಮೊದಲು ಮೂಲ ಗುರುತಿನಿಂದ ಮೊದಲ ಕಂಬಕ್ಕೆ ಮಟ್ಟ ಮತ್ತೆ ನೋಡುವುದು. ಆ ಕಂಬದ ಗೆರೆಯಿಂದ ಉಳಿದ ಕಂಬಗಳಿಗೆ ಲೇಸರ್ ಇಟ್ಟು ಕೆಂಪು ಗೆರೆ ಹಾಯಿಸುವುದು. ಒಳ್ಳೆಯ ಪದ್ಧತಿಯೇ. ಆದರೆ ಅದರ ಜೊತೆಗೆ ಇನ್ನೊಂದು ಚಟವೂ ಇತ್ತು. ಹೊಸ ಗೆರೆ ಹಳೆಯದಕ್ಕೆ ಹೊಂದದಿದ್ದರೆ ಹಳೆಯದನ್ನು ಒದ್ದೆ ಗೋಣಿಯಲ್ಲಿ ಉಜ್ಜಿ ಅಳಿಸಿಬಿಡುವುದು. ಒಂದು ಕಂಬಕ್ಕೆ ಎರಡು ಗೆರೆ ಇದ್ದರೆ ಗಾರೆಯವನು ತನಗೆ ಬೇಕಾದ್ದನ್ನು ಹಿಡಿಯುತ್ತಾನೆ, ಆಮೇಲೆ ನೆಲವೆಲ್ಲ ಸೊಟ್ಟ. ಹಾಗಾಗಿ ಅಳಿಸುವುದು. ಅದಕ್ಕೂ ಅವನನ್ನು ಬೈಯುವಂತಿಲ್ಲ, ಎಲ್ಲ ಮೇಸ್ತ್ರಿಗಳೂ ಮಾಡುವುದು ಅದನ್ನೇ.

ಗುಂಡಿ ತೋಡಲು ಶುರುವಾದ ಮೇಲೆ ಎರಡನೆಯ ಸೋಮವಾರ ಹೊಸ ಗೆರೆ ಹಳೆಯದಕ್ಕಿಂತ ಒಂದು ನೂಲು ಕೆಳಗೆ ಬಿತ್ತು. ನೂಲು ಎಂದರೆ ಇಂಚಿನ ಎಂಟರಲ್ಲಿ ಒಂದು ಪಾಲು, ಅಷ್ಟೆ.

"ಸರಿಯಾಗಿ ನೋಡ್ದೇನೇ?" ಎಂದು ಮೇಸ್ತ್ರಿ ಆ ಕಡೆಯಿಂದ ಕೂಗಿದ.

"ಗೆರೆ ಮೇಲೇ ಇದೆ ರೀ ನೀರು."

"ಹಂಗಾದ್ರೆ ಹೋದ ವಾರ ಗುಳ್ಳೆ ಇತ್ತು ಅನ್ಸುತ್ತೆ."

ಗುಳ್ಳೆಯೇ? ಅವಳು ತಟ್ಟಿ ತೆಗೆದ ಪೈಪಿನಲ್ಲಿ ಗುಳ್ಳೆಯೇ? ಅವಳಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಆದರೂ ಒಂದು ನೂಲಿಗೆ ಗಂಡನ ಜೊತೆ ಕಚ್ಚಾಡುವುದೇಕೆ ಎಂದು ಸುಮ್ಮನಾದಳು. ಗೋಣಿ ಒದ್ದೆ ಮಾಡಿ ಹಳೆಯ ಗೆರೆ ಅಳಿಸಿದವಳೂ ಅವಳೇ.

ಮೂರನೆಯ ಸೋಮವಾರ ಒಂದೂವರೆ ನೂಲು. ಮತ್ತೆ ಕೆಳಗೆ. ಈ ಸಲ ಮೇಸ್ತ್ರಿಗೂ ಮುಜುಗರವಾಗಿ ಲೇಸರ್ ತಂದಿಟ್ಟ. ಲೇಸರ್ ಮೂರನೆಯದೇ ಒಂದು ಕಥೆ ಹೇಳಿತು. ಆ ಡಬ್ಬಿ ಹಿಂದಿನ ತಿಂಗಳು ಅಟ್ಟಣಿಗೆಯಿಂದ ಬಿದ್ದಿತ್ತು. ಮೇಸ್ತ್ರಿ ಅದನ್ನು ಒಂದು ಗೋಡೆಯ ಹತ್ತಿರ ಕೂರಿಸಿ, ದೂರದ ಗೋಡೆಯ ಮೇಲೆ ಅದರ ಗೆರೆಗೆ ಗುರುತು ಹಾಕಿದ. ಆಮೇಲೆ ಡಬ್ಬಿಯನ್ನು ದೂರದ ಗೋಡೆಯ ಹತ್ತಿರಕ್ಕೊಯ್ದು, ಅದೇ ಗುರುತಿಗೆ ಗೆರೆ ತಾಗುವಷ್ಟು ಎತ್ತರದಲ್ಲಿಟ್ಟು, ತಿರುಗಿಸಿ ಮೊದಲ ಗೋಡೆಗೆ ಹಾಯಿಸಿದ. ಹೊರಟ ಎತ್ತರಕ್ಕೇ ಗೆರೆ ವಾಪಸ್ ಬರಬೇಕಿತ್ತು, ನಾಲ್ಕು ನೂಲು ತಪ್ಪಿ ಬಂತು.

"ನೋಡು, ಸಿಕ್ಕಿಬಿದ್ದ ಕಳ್ಳ!" ಎಂದು ಮೇಸ್ತ್ರಿ ಮುಖ ಅರಳಿಸಿದ. "ಎಲ್ಲಾ ಈ ಡಬ್ಬೀದೇ ಕಿತಾಪತಿ."

ಪೈಪಿನ ಗೆರೆಗೂ ಲೇಸರಿಗೂ ಸಂಬಂಧವೇ ಇರಲಿಲ್ಲ, ಪೈಪು ತನ್ನ ಪಾಡಿಗೆ ತಾನು ಹೇಳಿದ್ದು ಅದು. ಆದರೆ ಒಬ್ಬ ಕಳ್ಳ ಸಿಕ್ಕ ಮೇಲೆ ಇನ್ನೊಬ್ಬನನ್ನು ಹುಡುಕುವ ಉತ್ಸಾಹ ಯಾರಿಗಿರುತ್ತದೆ? ಲೇಸರನ್ನು ರಿಪೇರಿಗೆ ಕಳಿಸಿದರು. ಕಂಬದ ಗೆರೆ ಅಳಿಸಿದರು.

ನಾಲ್ಕನೆಯ ಸೋಮವಾರ ಎರಡು ನೂಲು. ಮೇಸ್ತ್ರಿ ಎಂಜಿನಿಯರಿಗೆ ಹೇಳಿದ. ಎಂಜಿನಿಯರ್ ಮೂವತ್ತು ದಾಟಿದ ಮನುಷ್ಯ, ಸೋಮಾರಿಯಲ್ಲ, ಮೋಸಗಾರನೂ ಅಲ್ಲ. ಮಟ್ಟ ನೋಡುವ ಆಟೋ ಲೆವೆಲ್ ದುರ್ಬೀನನ್ನು ತಾನೇ ಹೊತ್ತು ತಂದ. ಮೂಲ ಗುರುತಿಗೂ ಕಂಬಕ್ಕೂ ಸರಿಸಮ ದೂರ ಬರುವಂತೆ ನಡುವೆ ಮುಕ್ಕಾಲಿ ಊರಿದ. ಹಾಗಿಟ್ಟರೆ ಯಂತ್ರದಲ್ಲೇ ಚೂರು ಓರೆಯಿದ್ದರೂ ಎರಡು ಕಡೆಯೂ ಒಂದೇ ಸಮ ತಪ್ಪಿ, ತಪ್ಪು ತಪ್ಪಿಗೆ ವಜಾ ಆಗುತ್ತದೆ. ಯಂತ್ರದ ಗಾಜಿನೊಳಗಿನ ಗುಂಡು ಗುಳ್ಳೆಯನ್ನು ನಡುಮಧ್ಯಕ್ಕೆ ತಂದ. ನೀರಕ್ಕ ಅಳತೆಯ ಉದ್ದ ಪಟ್ಟಿಯನ್ನು ಮೊದಲು ಗುರುತಿನ ಮೇಲೆ, ಆಮೇಲೆ ಕಂಬದ ಬಳಿ ನೆಟ್ಟಗೆ ಹಿಡಿದಳು. ಅವನು ಕಣ್ಣು ಕಿರಿದು ಮಾಡಿ ಓದಿ, ಕೂಡಿಸಿ ಕಳೆದು ನಕ್ಕ.

"ನಿಮ್ಮ ಪೈಪು ಸರಿಯಾಗೇ ಇದೆ ಅಕ್ಕಾ. ಇವತ್ತಿನ ಗೆರೇನೇ ಸರಿ. ಹಳೇದೇ ತಪ್ಪಾಗಿತ್ತು."

ನಂಬದೆ ಇರುವುದು ಹೇಗೆ? ಎರಡು ಬೇರೆ ಬೇರೆ ವಿದ್ಯೆ ಒಂದೇ ಮಾತು ಹೇಳಿದ್ದವು. ಎರಡೂ ಹೊರಟಿದ್ದು ಒಂದೇ ಕಲ್ಲಿನಿಂದ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ದುರ್ಬೀನು ಎಷ್ಟೇ ದೊಡ್ಡದಿರಲಿ, ನೋಡು ಎಂದ ಕಡೆ ನೋಡುತ್ತದೆಯೇ ಹೊರತು, ನೀನು ನಂಬಿದ ಕಲ್ಲು ನೆಟ್ಟಗಿದೆಯೇ ಎಂದು ಕೇಳುವುದಿಲ್ಲ.

"ನನ್ನ ಕಣ್ಣೇ ಮಂಜಾಗಿರ್ಬೇಕು ಬಿಡಿ, ಹೋದ ವಾರ ಸರಿಯಾಗಿ ನೋಡ್ಲಿಲ್ಲ," ಎಂದಳು ನೀರಕ್ಕ. ಗಂಡನ ಮರ್ಯಾದೆ ಎಂಜಿನಿಯರ್ ಮುಂದೆ ಉಳಿಯಲಿ ಎಂದು ಆಡಿದ ಸುಳ್ಳು ಅದು. ಅವಳ ಕಣ್ಣಿಗೆ ಏನೂ ಆಗಿರಲಿಲ್ಲ. ಮೂರನೆಯ ಸಲ ಗೆರೆ ಅಳಿಸಿದಳು.

ಗುಂಡಿ ಆಳವಾಗುತ್ತ ಹೋಯಿತು. ಕೆಳಗೆ ನೀರು ಒಸರತೊಡಗಿ ಪಂಪು ಕೂರಿಸಿದರು. ಹಗಲೆಲ್ಲ ಅದು ಗೊರಗೊರ ಎನ್ನುತ್ತ ಬೀದಿಯ ಚರಂಡಿಗೆ ನೀರು ಕಕ್ಕುತ್ತಿತ್ತು. ಆ ನೀರು ಮೊದಲು ತಿಳಿಯಾಗಿತ್ತು, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿತು. ಚರಂಡಿಯ ಬಾಯಲ್ಲಿ ಸಣ್ಣ ಮರಳು ದಿಬ್ಬ ಕಟ್ಟಿತ್ತು. ನೀರಕ್ಕ ಅದನ್ನು ದಾಟಿಕೊಂಡೇ ದಿನಾ ಓಡಾಡುತ್ತಿದ್ದಳು. ಆ ಮರಳು ಎಲ್ಲಿಂದ ಬಂತು, ಯಾರ ಕಾಲಡಿಯಿಂದ ಬಂತು ಎಂದು ಕೇಳಿಕೊಳ್ಳಲಿಲ್ಲ.

ಐದನೆಯ ಸೋಮವಾರದ ಹಿಂದಿನ ದಿನ ರಜೆ. ಮನೆಯಲ್ಲಿ ಮೂವರೂ ಉಣ್ಣಲು ಕೂತಿದ್ದಾಗ ಮಗಳು ಶಾಲೆಯ ಸುದ್ದಿ ತೆಗೆದಳು.

"ಅಪ್ಪಾ, ನಮ್ಮ ಹಿಂದಿನ ಬಾಗಿಲು ಉಬ್ಬಿಕೊಂಡಿದೆ. ಇಬ್ಬರು ಸೇರಿ ಒದ್ದರೂ ತೆಗೆಯಲ್ಲ. ಬಿಡುವಾದಾಗ ಬಂದು ಒಂದು ಕೈ ನೋಡು."

"ಮಳೆ ಇಲ್ಲ ಮಣ್ಣಿಲ್ಲ, ಬಾಗಿಲು ಯಾಕೆ ಉಬ್ಬುತ್ತೆ?" ಎಂದ ಮೇಸ್ತ್ರಿ, ತುತ್ತು ಅಗಿಯುತ್ತ.

"ಅದೇನೋ ನಂಗೊತ್ತಿಲ್ಲಪ್ಪ. ನನ್ನ ಮೇಜಿಗೂ ಹುಚ್ಚು ಹಿಡಿದಿದೆ. ದಾರದ ಉಂಡೆ ಇಟ್ಟರೆ ಕಿಟಕಿ ಕಡೆಗೇ ಓಡುತ್ತೆ. ಯಜಮಾನಿ ಕಾಲಡಿ ಕಾಗದ ಮಡಚಿ ಇಟ್ರು. ವಾರಕ್ಕೊಂದು ಮಡಿಕೆ ಜಾಸ್ತಿ ಮಾಡ್ತಾನೇ ಇದೀವಿ," ಎಂದು ಮಗಳು ನಕ್ಕಳು.

ನೀರಕ್ಕನ ಕೈಯ ತುತ್ತು ಕೈಯಲ್ಲೇ ಉಳಿಯಿತು. ವಾರಕ್ಕೊಂದು ಮಡಿಕೆ. ವಾರಕ್ಕೊಂದು ಗೆರೆ. ಕಿಟಕಿಯ ಕಡೆ ಎಂದರೆ ಗುಂಡಿಯ ಕಡೆ. "ನಾಳೆ ಕೆಲಸಕ್ಕೆ ಹೋಗ್ಬೇಡ್ವೇ," ಎಂದಳು.

"ಯಾಕಂತೆ?"

ಯಾಕೆಂದು ಹೇಳಲು ಅವಳ ಬಳಿ ಏನಿತ್ತು? ಅಳಿಸಿದ ಗೆರೆಗಳು. "ಸುಮ್ನೆ ಹೇಳ್ದೆ," ಎಂದಳು. ಗಂಡನೂ ಮಗಳೂ ಮುಖ ಮುಖ ನೋಡಿಕೊಂಡರು.

ಬೆಳಗ್ಗೆ ಮಗಳು ಅವರಿಗಿಂತ ಮೊದಲೇ ಎದ್ದು ಹೋಗಿಯಾಗಿತ್ತು. ನೀರಕ್ಕ ಮೂಲೆಯ ಕಲ್ಲಿಗೆ ಪೈಪು ಒತ್ತಿ ನಿಂತಳು. ನೀರು ಸುಮ್ಮನಾಯಿತು. ನೀರಿನ ಬಾಗಿದ ಮೈಯ ತಳ ಗೆರೆಗೆ ಕೂತಿತು. ಸಾಕು ಎಂದಳು. ಆ ಕಡೆ ಮೇಸ್ತ್ರಿ ಗೆರೆ ಎಳೆದು, ಕಂಬವನ್ನೇ ನೋಡುತ್ತ ನಿಂತ.

"ಎಷ್ಟು ರೀ?"

"ಮೂರು ನೂಲು."

ಒಂದೇ ವಾರದಲ್ಲಿ ಮೂರು. ಅವನ ಕೈ ಅಭ್ಯಾಸಬಲದಿಂದ ಗೋಣಿಯ ಕಡೆಗೆ ಹೋಯಿತು. ನೀರಕ್ಕ ಪೈಪಿನ ತುದಿ ಕೈಬಿಟ್ಟು ಓಡಿ ಬಂದು ಆ ಗೋಣಿ ಕಿತ್ತುಕೊಂಡಳು.

"ಅಳಿಸಿದ್ರೆ ನೋಡಿ ಮತ್ತೆ! ಏನ್ರೀ, ಪ್ರತಿ ವಾರ ಕಂಬದ ಹಳೇ ಗೆರೆ ಹೊಸದಕ್ಕಿಂತ ಮೇಲೇ ಇರುತ್ತಲ್ಲ, ಕಂಬ ಬೆಳೆಯೋಕೆ ಅದೇನು ಅವರೆ ಬಳ್ಳೀನಾ?"

"ಮೆಲ್ಲಗೆ ಮಾತಾಡೇ. ಮತ್ತೆ ಏನಂತೀಯ ಈಗ?"

"ಕಂಬ ಏರ್ತಿಲ್ಲ. ಕಲ್ಲು ಇಳೀತಿದೆ."

ಹೌದು ಎನ್ನಲು ಮೇಸ್ತ್ರಿಗೆ ಧೈರ್ಯವಿರಲಿಲ್ಲ, ಅಲ್ಲ ಎನ್ನಲು ಮನಸ್ಸು ಒಪ್ಪಲಿಲ್ಲ. ಕಲ್ಲೂ ಕಂಬವೂ ಪರಸ್ಪರ ಬೆರಳು ತೋರಿಸುತ್ತಿದ್ದರೆ ಸುಳ್ಳು ಹೇಳುವವರು ಯಾರೆಂದು ಆ ಎರಡನ್ನೇ ಕೇಳಿ ಪ್ರಯೋಜನವಿಲ್ಲ. ಮೂರನೆಯ ಸಾಕ್ಷಿ ಬೇಕು.

ಅಂಥದ್ದೊಂದು ಇತ್ತು. ಮೊದಲ ದಿನ ಚರಂಡಿಯ ಇಳಿಜಾರು ಲೆಕ್ಕ ಹಾಕಲು ಎಂಜಿನಿಯರ್ ಬೀದಿಯಾಚೆಯ ನೀರಿನ ಟ್ಯಾಂಕಿನ ದಪ್ಪ ಕಂಬಕ್ಕೂ ಅದೇ ಮಟ್ಟ ಒಯ್ದು ಗುರುತು ಹಾಕಿಸಿದ್ದ. ಗುಂಡಿಗೆ ಅದು ದೂರ. ಆ ಗೆರೆ ಆಮೇಲೆ ಯಾರಿಗೂ ಬೇಕಾಗಿರಲಿಲ್ಲ, ಹಾಗಾಗಿ ಯಾರೂ ಅಳಿಸಿರಲಿಲ್ಲ.

ಗಂಡ ಹೆಂಡತಿ ಬೀದಿಗೆ ಅಡ್ಡಲಾಗಿ ಪೈಪು ಎಳೆದರು. ವಾಹನದವರು ಹಾರ್ನು ಬಾರಿಸಿದರು, ಒಬ್ಬ ಕೆಟ್ಟದಾಗಿ ಬೈದ. ನೀರಕ್ಕ ಅವನಿಗೆ ತಿರುಗಿಸಿ ಒಂದು ಬೈಗುಳ ಕೊಟ್ಟಳು, ಅವನು ಗಾಡಿ ನಿಲ್ಲಿಸಿದ. ಮೊದಲು ಟ್ಯಾಂಕಿನಿಂದ ತಮ್ಮ ಕಂಬಕ್ಕೆ ನೋಡಿದರು. ಹೋದ ವಾರ ಕಂಬದ ಮೇಲೆ ಎಳೆದ ಗೆರೆ ಟ್ಯಾಂಕಿನ ಗುರುತಿಗಿಂತ ನಾಲ್ಕೂವರೆ ನೂಲು ಕೆಳಗಿತ್ತು.

ನೀರಕ್ಕ ಬೆರಳು ಮಡಚಿದಳು. ಒಂದು, ಒಂದೂವರೆ, ಎರಡು. ಅಳಿಸಿದ ಮೂರು ಗೆರೆಗಳನ್ನು ಕೂಡಿದರೆ ನಾಲ್ಕೂವರೆ. ಕಂಬ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮೊದಲ ದಿನದ ಗೆರೆಯೇ ಸರಿಯಾಗಿತ್ತು. ತಪ್ಪು ಗೆರೆ ಎಂದು ಅವರು ಉಜ್ಜಿ ಉಜ್ಜಿ ತೆಗೆದದ್ದು ಸತ್ಯವನ್ನೇ.

ಆಮೇಲೆ ಟ್ಯಾಂಕಿನಿಂದ ಮೂಲೆಯ ಕಲ್ಲಿಗೆ ನೋಡಿದರು. ಏಳೂವರೆ ನೂಲು, ಒಂದಿಂಚಿಗೆ ಅರ್ಧ ನೂಲು ಕಮ್ಮಿ. ಕಲ್ಲು ಅಷ್ಟು ಇಳಿದಿತ್ತು. ಕಲ್ಲು ಒಂದೇ ಇಳಿಯುತ್ತದೆಯೇ? ಅದರ ಮೇಲಿನ ಮೂಲೆ, ಮೂಲೆಯ ಮೇಲಿನ ಗೋಡೆ, ಗೋಡೆಯ ಮೇಲಿನ ಥಾನುಗಳ ರಾಶಿ. ಗೋಡೆಯ ಪಕ್ಕ ಮಗಳ ಮೇಜು.

ಮೇಸ್ತ್ರಿ ಎಂಜಿನಿಯರಿಗೆ ಫೋನು ಮಾಡಿದ. "ಟ್ಯಾಂಕಿನ ಗುರುತಿಗೆ ಹಿಡಿದು ನೋಡಿದ್ರಾ? ಅಯ್ಯೋ ದೇವರೇ. ಗುಂಡೀಲಿ ಒಬ್ಬರೂ ಇರಬಾರದು. ಪಂಪು ಆರಿಸಿ. ಆ ಕಟ್ಟಡದವರನ್ನ ಹೊರಗೆ ಕರೀರಿ, ನಾನು ಬಂದೆ," ಎಂದ ಅವನ ದನಿಯೇ ಬೇರೆಯಾಗಿತ್ತು.

ಗುಂಡಿಯವರು ಮೇಲೆ ಬಂದರು. ಪಂಪು ನಿಂತಿತು. ಇಷ್ಟು ದಿನ ಕಿವಿ ಕೊರೆಯುತ್ತಿದ್ದ ಸದ್ದು ನಿಂತ ಮೇಲೆ ಆ ಜಾಗದ ಮೌನವೇ ಹೆದರಿಸುವಂತಿತ್ತು. ಎಲ್ಲೋ ಮಣ್ಣು ಪುಳುಪುಳು ಉದುರುವುದು ಕೇಳಿಸುತ್ತಿತ್ತು.

ಹೊಲಿಗೆ ಶಾಲೆಯ ಯಜಮಾನಿ ಕೆಟ್ಟವಳಲ್ಲ. ಆದರೆ ಆ ದಿನ ಸಂಜೆಯೊಳಗೆ ಸಾವಿರ ಅಂಗಿ ಹೋಗಬೇಕಿತ್ತು. "ಒಂದಿಂಚಿಗೆ ಯಾರಾದ್ರೂ ಅಂಗಡಿ ಮುಚ್ಚುತ್ತಾರಾ ನೀರಕ್ಕ? ನಲವತ್ತು ವರ್ಷದಿಂದ ನಿಂತಿರೋ ಕಟ್ಟಡ ಇದು. ನಿಮ್ಮ ಎಂಜಿನಿಯರ್ ಬರಲಿ, ಮಾತಾಡೋಣ," ಎಂದಳು. ಮಿಷನ್ನುಗಳು ಗಡಗಡ ಓಡುತ್ತಲೇ ಇದ್ದವು. ಮಗಳು ಕಿಟಕಿಯ ಪಕ್ಕದಿಂದ ತಲೆಯೆತ್ತಿ, "ಅಮ್ಮಾ, ಎಲ್ಲರ ಮುಂದೆ ಇದೇನಮ್ಮ ನಿಂದು," ಎಂಬಂತೆ ಕಣ್ಣಲ್ಲೇ ಗದರಿದಳು.

ಮಗಳನ್ನು ರಟ್ಟೆ ಹಿಡಿದು ಎಳೆದೊಯ್ಯಬಹುದಿತ್ತು. ಇನ್ನು ಇಪ್ಪತ್ತೊಂದು ಜನ? ಅವರೂ ಯಾರದೋ ಹೆಣ್ಣುಮಕ್ಕಳೇ. ನೀರಕ್ಕ ಹೊರಗೆ ಹೋಗಿ ಪೈಪು ತಂದಳು.

"ಮಿಷನ್ನು ನಿಲ್ಸಿ. ಹತ್ತು ನಿಮಿಷ. ಆಮೇಲೆ ನಾನೇ ಕೂತು ಅಂಗಿ ಗುಂಡಿ ಹೊಲಿದುಕೊಡ್ತೀನಿ."

ಅವಳ ಮುಖ ನೋಡಿ ಮಿಷನ್ನುಗಳು ಒಂದೊಂದಾಗಿ ನಿಂತವು. ಆ ಕೋಣೆಯ ಗೋಡೆಗಳಿಗೆ ಸೊಂಟದೆತ್ತರದ ತನಕ ಹಸಿರು ಬಣ್ಣ, ಮೇಲೆ ಬಿಳಿ. ಎರಡರ ನಡುವೆ ಕೋಣೆಯ ಸುತ್ತ ಒಂದು ಕಪ್ಪು ಪಟ್ಟಿ. ಬೀದಿಯ ಕಡೆಯ ಗೋಡೆಯ ಪಟ್ಟಿಗೆ ಮೇಸ್ತ್ರಿ ಒಂದು ತುದಿ ಹಿಡಿದ. ಗುಂಡಿಯ ಕಡೆ, ಮಗಳ ಮೇಜಿನ ಹಿಂದೆ ನೀರಕ್ಕ ಇನ್ನೊಂದು ತುದಿ ಹಿಡಿದಳು. ಅವತ್ತು ಮೊದಲ ಬಾರಿಗೆ ಗೆರೆ ಅವನ ಕಡೆಯಿತ್ತು, ಸಾಕು ಎಂದವನೂ ಅವನೇ.

ನೀಲಿ ನೀರು ತೂಗಾಡಿ ನಿಂತಿತು. ನೀರಕ್ಕನ ಕಡೆ ಅದು ಕಪ್ಪು ಪಟ್ಟಿಗಿಂತ ಒಂದೂಕಾಲು ಇಂಚು ಮೇಲಿತ್ತು, ಕಲ್ಲಿನ ಅಳತೆಗಿಂತಲೂ ಹೆಚ್ಚು. ಹೆಂಗಸರು ಎದ್ದು ಬಂದು ಬಗ್ಗಿ ನೋಡಿದರು. ಯಾರೋ "ಅಯ್ಯಯ್ಯೋ" ಎಂದರು.

"ಬಣ್ಣ ಬಳಿದವನು ಓರೆ ಬಳಿದಿರ್ಬೇಕು," ಎಂದಳು ಯಜಮಾನಿ. ಅವಳ ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ನೀರಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗುಳ್ಳೆ, ಲೇಸರು, ಮಂಜು ಕಣ್ಣು ಎಂದು ಮೂರು ವಾರ ತಾವು ಹೇಳಿಕೊಂಡದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ನೀರು ನಿಂತಲ್ಲಿ ಗೋಡೆಗೆ ಒಂದು ಸಣ್ಣ ಗೀಟು ಎಳೆದಳು.

"ಬಣ್ಣದವನ ಸುದ್ದಿ ಬಿಡಿ. ಇದು ನಾನೀಗ ಎಳೆದ ಗೆರೆ. ಪೈಪು ಅಲ್ಲಾಡಿಸಲ್ಲ. ಎಲ್ಲರೂ ಇದನ್ನೇ ನೋಡ್ತಾ ಇರಿ."

ಅವಳು ಪೈಪನ್ನು ಗೋಡೆಗೆ ಒತ್ತಿ ಹಿಡಿದು ನಿಂತಳು. ಇಪ್ಪತ್ತೆರಡು ಹೆಂಗಸರು, ಯಜಮಾನಿ, ಎಲ್ಲರ ಕಣ್ಣೂ ಆ ಬೆರಳಷ್ಟಗಲದ ನೀರಿನ ಮೇಲೆ. ಮೊದಮೊದಲು ಏನೂ ಆಗಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಗೀಟು ನೀರಿನೊಳಗೆ ಮುಳುಗಿದ ಹಾಗೆ ಕಂಡಿತು.

ಇಪ್ಪತ್ತಾರು ವರ್ಷದಲ್ಲಿ ನೀರಿನ ಎಲ್ಲ ಆಟವನ್ನೂ ಅವಳು ಕಂಡಿದ್ದಳು. ಕೈ ನಡುಗಿದರೆ ನೀರು ಮೇಲೆ ಕೆಳಗೆ ತೂಗುತ್ತದೆ. ಪೈಪು ಸೋರಿದರೆ ಎರಡು ತುದಿಯಲ್ಲೂ ಇಳಿಯುತ್ತದೆ. ಇದು ತೂಗುತ್ತಿರಲಿಲ್ಲ. ಮೆಲ್ಲಗೆ, ಒಂದೇ ಸಮನೆ ಏರುತ್ತಿತ್ತು.

"ರೀ," ಎಂದಳು, ದನಿ ಏರಿಸದೆ. "ನಿಮ್ಮ ಕಡೆ?"

ಮೇಸ್ತ್ರಿ ಪಟ್ಟಿಗೆ ಕಣ್ಣು ಹತ್ತಿರ ತಂದು ನೋಡಿದ. "ಇಳೀತಿದೆ ಕಣೇ. ನಾನು ಅಲ್ಲಾಡಿಸಿಲ್ಲ."

ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯಬೇಕಾದರೆ ಒಂದೇ ಕಾರಣ. ಅವಳು ಒರಗಿ ನಿಂತಿದ್ದ ಗೋಡೆ, ಅವಳ ಕಾಲಡಿಯ ನೆಲ, ಆ ಕ್ಷಣದಲ್ಲೇ, ಎಲ್ಲರ ಕಣ್ಣೆದುರೇ ಕೆಳಗೆ ಹೋಗುತ್ತಿತ್ತು. ಅವಳಿಗೆ ಪಾದದಲ್ಲಿ ಏನೂ ಗೊತ್ತಾಗಲಿಲ್ಲ. ನೀರು ತೋರಿಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಎದ್ದೇಳಿ! ಬೀದಿ ಬಾಗಿಲಿಂದ ಹೋಗಿ, ಏನನ್ನೂ ತಗೋಬೇಡಿ, ಹೋಗ್ರೇ!"

ಮತ್ತೆ ಯಾರೂ ವಾದ ಮಾಡಲಿಲ್ಲ. ಬೆಂಚುಗಳು ಉರುಳಿದವು, ಚಪ್ಪಲಿಗಳು ಅಲ್ಲಲ್ಲೇ ಉಳಿದವು. ಯಜಮಾನಿಯೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬೆನ್ನಿಗೆ ಕೈಯಿಟ್ಟು ಎಣಿಸುತ್ತ ಹೊರಗೆ ದಬ್ಬಿದಳು. ಮಗಳು ಮಾತ್ರ ಮೇಜಿನ ಬಳಿ ಕಲ್ಲಾಗಿ ನಿಂತು ಆ ಗೀಟನ್ನೇ ನೋಡುತ್ತಿದ್ದಳು. ನೀರಕ್ಕ ಪೈಪು ಎಸೆದು ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡೇ ಓಡಿದಳು. ಮೇಸ್ತ್ರಿ ಕೊನೆಗೆ ಬಂದ.

ಬೀದಿಯಾಚೆ ಟ್ಯಾಂಕಿನ ಕಂಬದ ಬಳಿ ಎಲ್ಲರೂ ಗುಂಪಾಗಿ ನಿಂತರು. ಇಪ್ಪತ್ತೆರಡು, ಯಜಮಾನಿ ಎರಡು ಸಲ ಎಣಿಸಿದಳು. ಕಟ್ಟಡ ನೆಟ್ಟಗೆ ನಿಂತೇ ಇತ್ತು. ಐದು ನಿಮಿಷವಾಯಿತು, ಹತ್ತಾಯಿತು. ಒಬ್ಬಿಬ್ಬರು ಪಿಸುಗುಟ್ಟತೊಡಗಿದರು, ಒಬ್ಬಳು ಚಪ್ಪಲಿ ತರಲು ಹೆಜ್ಜೆಯಿಟ್ಟು ಬೈಸಿಕೊಂಡಳು. ಆಗ ಹಿಂಬದಿಯ ಗೋಡೆಯೊಳಗೆ ಏನೋ ಲಟಕ್ಕೆಂದಿತು. ಗುಂಡಿಯ ಕಡೆಯ ಅರ್ಧ ಕಟ್ಟಡ, ಕಿಟಕಿ, ಮೇಲಿನ ಗೋದಾಮು ಎಲ್ಲ ಸೇರಿ ಕುಸಿದು ಗುಂಡಿಗೆ ಇಳಿಯಿತು. ಸದ್ದು ಆಮೇಲೆ ಬಂತು. ಧೂಳು ಬೀದಿಯನ್ನೆಲ್ಲ ಮುಚ್ಚಿತು.

ಧೂಳು ಸರಿದಾಗ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಯಜಮಾನಿ ನೀರಕ್ಕನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನೀವು ದೇವರು ಬಂದ ಹಾಗೆ ಬಂದ್ರಿ," ಎಂದು ಯಾರೋ ಅಂದರು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ತಲೆ ಎತ್ತಲಿಲ್ಲ. ಆಗ ಬಂದಿಳಿದ ಎಂಜಿನಿಯರ್ ಅವನ ಪಕ್ಕ ನಿಂತು ಗುಂಡಿಯನ್ನೇ ನೋಡುತ್ತಿದ್ದ.

ಮಗಳು ತಾಯಿಯ ತೋಳಿಗೆ ಜೋತುಬಿದ್ದಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಅಮ್ಮಾ, ನಿನ್ನೆ ಊಟಕ್ಕೆ ಕೂತಾಗಲೇ ಹೋಗ್ಬೇಡ ಅಂದ್ಯಲ್ಲ. ನಿಂಗೆ ಯಾವಾಗ ಗೊತ್ತಾಯ್ತು?"

ಇವತ್ತು ಬೆಳಗ್ಗೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಗಂಡ ತಲೆಯೆತ್ತಿ ಅವಳನ್ನೇ ನೋಡಿದ. ಹಾಗೇ ಹೇಳು ಎಂದು ಬೇಡುತ್ತಿದ್ದ ಅವನ ಕಣ್ಣು ಅವಳಿಗೆ ಅರ್ಥವಾಯಿತು. ಅವಳಿಗೂ ಹಾಗೇ ಹೇಳಬೇಕೆನಿಸಿತು, ಬಹಳ ಅನಿಸಿತು.

"ಮೂರು ವಾರ ಆಯ್ತು ಮಗಳೇ. ಪೈಪು ಹೇಳ್ತಿತ್ತು. ನಾವು ಅಳಿಸ್ತಿದ್ವಿ. ಗೋಣಿ ಒದ್ದೆ ಮಾಡಿ ನಾನೇ ಅಳಿಸ್ದೆ, ಮೂರು ಸಲ."

ಮಗಳಿಗೆ ಮೊದಲು ಅದು ತಲೆಗೆ ಹೋಗಲಿಲ್ಲ. ಆಮೇಲೆ ಹೋಯಿತು. "ಮೂರು ವಾರ ನಾನು ಆ ಕಿಟಕಿ ಪಕ್ಕಾನೇ ಕೂತಿದ್ದೆ," ಎಂದಳು ಮೆಲ್ಲಗೆ.

"ಹೌದು."

"ನೀನು ಗೋಡೆ ಆಚೆನೇ ನಿಂತಿದ್ದೆ."

"ಹೌದು ಕಣೇ. ನಿಂತಿದ್ದೆ."

ಮಗಳು ತಾಯಿಯ ತೋಳು ಬಿಟ್ಟಳು. ಕೋಪದಿಂದಲ್ಲ, ಕೈ ತಾನಾಗಿಯೇ ಸಡಿಲವಾದಂತೆ. ನಾಲ್ಕು ಹೆಜ್ಜೆ ಆಚೆ ಹೋಗಿ ಉಳಿದ ಹೆಂಗಸರ ನಡುವೆ ಬರಿಗಾಲಲ್ಲಿ ನಿಂತಳು. ನೀರಕ್ಕ ಅವಳನ್ನು ಕರೆಯಲಿಲ್ಲ.